ಪಾರ್ಲರ್ ಶೆಲ್ಫಿನಲ್ಲಿ ಶಾಂಪೂ ಮಾರುವುದು: ಎರಡನೇ ಬಾಟಲಿಯ ಲೆಕ್ಕ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನನ್ನದು ಮೂರು ಕುರ್ಚಿಯ ಲೇಡೀಸ್ ಪಾರ್ಲರ್. ಬರುವವರಲ್ಲಿ ಅರ್ಧದಷ್ಟು ನಮ್ಮ ಕನ್ನಡದವರು, ತುಳುವರು. ಉಳಿದವರು ಮರಾಠಿ, ಗುಜರಾತಿ. ಕನ್ನಡಿಯ ಪಕ್ಕದ ಶೆಲ್ಫಿನಲ್ಲಿ ಶಾಂಪೂ, ಸೀರಮ್ ಇಟ್ಟು ಮಾರಲು ಶುರು ಮಾಡಿದ ಮೊದಲ ವರ್ಷ ಕೈಯಿಂದಲೇ ದುಡ್ಡು ಹೋಯಿತು. ಮಾರಾಟ ಆಗಿರಲಿಲ್ಲ ಅಂತಲ್ಲ, ಚೆನ್ನಾಗೇ ಆಗಿತ್ತು. ಆದರೆ ಒಮ್ಮೆ ಕೊಂಡವರು ಮತ್ತೆ ಕೇಳುತ್ತಿರಲಿಲ್ಲ. ಶೆಲ್ಫಿನ ಲಾಭವೆಲ್ಲ ಎರಡನೇ ಬಾಟಲಿಯಿಂದ ಶುರುವಾಗುತ್ತದೆ ಅನ್ನುವುದು ಲೆಕ್ಕದ ಪುಸ್ತಕ ತೆಗೆದು ಕೂತಾಗಲೇ ನನಗೆ ಗೊತ್ತಾದದ್ದು. ಸಣ್ಣ ಪಾರ್ಲರ್ ನಡೆಸುವವರಿಗೆ ಆ ಲೆಕ್ಕವನ್ನೂ, ಅದಕ್ಕೆ ತಕ್ಕಂತೆ ನಾನು ಬದಲಿಸಿಕೊಂಡ ಕ್ರಮವನ್ನೂ ಇಲ್ಲಿ ಬರೆದಿದ್ದೇನೆ.

1. ಮೊದಲು ಅಪಾಯಿಂಟ್‌ಮೆಂಟ್ ಡೈರಿ ನೋಡಿ

ಯಾವ ಸಾಮಾನು ಇಡಬೇಕು ಅಂತ ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್ ಹುಡುಗನನ್ನು ಕೇಳಬೇಡಿ. ಕಳೆದ ಮೂರು ತಿಂಗಳ ಡೈರಿ ತೆಗೆಯಿರಿ. ಯಾವ ಕೆಲಸ ಜಾಸ್ತಿ ಆಗಿದೆ ಅಂತ ಗೆರೆ ಹಾಕಿ ಎಣಿಸಿ. ನನ್ನಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುವವರು ಮೊದಲು, ಸ್ಮೂದನಿಂಗ್ ಮಾಡಿಸುವವರು ಆಮೇಲೆ. ಫೇಶಿಯಲ್ ತುಂಬಾ ಕಮ್ಮಿ. ಆದರೂ ಮೊದಲ ವರ್ಷ ಅರ್ಧ ಶೆಲ್ಫಿನಲ್ಲಿ ಫೇಸ್ ಕ್ರೀಮ್ ತುಂಬಿಸಿಟ್ಟಿದ್ದೆ. ನೋಡಲು ಚೆಂದ ಕಾಣುತ್ತಿತ್ತು, ಅಷ್ಟೇ.

ಐದು ಬಗೆಗಿಂತ ಜಾಸ್ತಿ ಇಟ್ಟು ಶುರು ಮಾಡಬೇಡಿ. ಬಣ್ಣದ ಕೂದಲಿಗೆ ಒಂದು ಶಾಂಪೂ, ಸ್ಮೂದನಿಂಗ್ ಆದವರಿಗೆ ಸಲ್ಫೇಟ್ ಇಲ್ಲದ ಒಂದು ಶಾಂಪೂ, ಎರಡಕ್ಕೂ ಹೊಂದುವ ಒಂದು ಕಂಡಿಷನರ್, ಒಂದು ಮಾಸ್ಕ್, ಒಂದು ಸಣ್ಣ ಸೀರಮ್. ಪ್ರತಿಯೊಂದೂ ಮೂರೇ ಬಾಟಲಿ. ಮುಖ್ಯವಾದದ್ದು, ನೀವು ಬೇಸಿನ್‌ನಲ್ಲಿ ಯಾವುದರಿಂದ ತಲೆ ತೊಳೆಯುತ್ತೀರೋ ಅದೇ ಶೆಲ್ಫಿನಲ್ಲೂ ಇರಬೇಕು. ಆಗ ಗಿರಾಕಿಯ ಕೂದಲೇ ಟೆಸ್ಟರ್. ಬೇಸಿನ್ನಿಗೆ ಬರುವ ಒಂದು ಲೀಟರಿನ ದೊಡ್ಡ ಬಾಟಲಿಯಿಂದ ಸಣ್ಣ ಬಾಟಲಿಗೆ ತುಂಬಿಸಿ ಮಾತ್ರ ಮಾರಬೇಡಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಂಆರ್‌ಪಿ ಯಾವುದೂ ಇಲ್ಲದ ಬಾಟಲಿ ಅದು. ಕಾನೂನಿಗೂ ಒಪ್ಪಿಗೆಯಿಲ್ಲ, ಯಾರಿಗಾದರೂ ಅಲರ್ಜಿ ಆದರೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

2. ಮಾರ್ಜಿನ್: ಕೇಳಬೇಕಾದ ಒಂದು ಪ್ರಶ್ನೆ

"ಅಕ್ಕಾ, ಎಂಆರ್‌ಪಿ ಮೇಲೆ 30 ಪರ್ಸೆಂಟ್ ನಿಮಗೆ" ಅಂತ ಹೇಳುತ್ತಾರೆ. ಕೂಡಲೇ ಕೇಳಬೇಕಾದದ್ದು ಇಷ್ಟೇ: ಟ್ಯಾಕ್ಸ್ ಸೇರಿಯೋ, ಟ್ಯಾಕ್ಸ್ ಬಿಟ್ಟೋ?

ಒಂದು ಶಾಂಪೂ ತೆಗೆದುಕೊಳ್ಳೋಣ. 250 ಎಂಎಲ್, ಎಂಆರ್‌ಪಿ 800 ರೂಪಾಯಿ. ಶೇಕಡಾ 30 ಕಳೆದರೆ 560. ಟ್ಯಾಕ್ಸ್ ಸೇರಿಸಿ 560 ಆದರೆ ನಿಮ್ಮ ಕೈಗೆ 240 ಉಳಿಯುತ್ತದೆ. ಟ್ಯಾಕ್ಸ್ ಬಿಟ್ಟು 560 ಅಂದರೆ ಕಥೆಯೇ ಬೇರೆ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ ಮತ್ತು ತಲೆಗೆ ಹಚ್ಚುವ ಎಣ್ಣೆಯ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಾಗಾಗಿ ಶಾಂಪೂ ನಿಮಗೆ 588ಕ್ಕೆ ಬೀಳುತ್ತದೆ, 212 ಉಳಿಯುತ್ತದೆ. ಆದರೆ ಸೀರಮ್, ಮಾಸ್ಕ್, ಹೇರ್ ಕಲರ್ ಇವೆಲ್ಲ 18ರಲ್ಲೇ ಇವೆ. ಅದೇ 800 ರೂಪಾಯಿಯ ಮಾಸ್ಕ್ ಆದರೆ 560ಕ್ಕೆ 18 ಪರ್ಸೆಂಟ್ ಸೇರಿ ಸುಮಾರು 661. ಉಳಿಯುವುದು 139. ಬಾಯಲ್ಲಿ ಹೇಳಿದ ಮಾರ್ಜಿನ್ ಒಂದೇ, ಕೈಗೆ ಬರುವುದು 240ರ ಬದಲು 139. ಎಂಆರ್‌ಪಿ ಅಂದರೆ ಎಲ್ಲ ಟ್ಯಾಕ್ಸ್ ಸೇರಿದ ಬೆಲೆ. ಅದರ ಮೇಲೆ ಗಿರಾಕಿಯಿಂದ ಒಂದು ರೂಪಾಯಿಯನ್ನೂ ಜಾಸ್ತಿ ತೆಗೆದುಕೊಳ್ಳುವಂತಿಲ್ಲ.

ಇದು ಜಿಎಸ್‌ಟಿ ನಂಬರ್ ಇಲ್ಲದ ಸಣ್ಣ ಪಾರ್ಲರಿನ ಲೆಕ್ಕ. ಸೇವೆ, ಸಾಮಾನು ಎರಡೂ ಸೇರಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನಂಬರ್ ತೆಗೆದುಕೊಳ್ಳಬೇಕು. ನಂಬರ್ ಇದ್ದವರು ಒಂದು ಕೆಲಸ ಮಾಡಿ. ಶೆಲ್ಫಿನ ಸಾಮಾನಿಗೆ ಒಂದು ಬಿಲ್, ಬೇಸಿನ್ ಸಾಮಾನಿಗೆ ಇನ್ನೊಂದು ಬಿಲ್ ಕೇಳಿ ಪಡೆಯಿರಿ. ಈಗ ಪಾರ್ಲರ್ ಸೇವೆಗೆ 5 ಪರ್ಸೆಂಟ್ ಟ್ಯಾಕ್ಸ್, ಆದರೆ ಸೇವೆಗೆ ಬಳಸಿದ ಸಾಮಾನಿನ ಮೇಲೆ ಕಟ್ಟಿದ ಟ್ಯಾಕ್ಸ್ ವಾಪಸ್ ಸಿಗುವುದಿಲ್ಲ. ಮಾರಿದ ಸಾಮಾನಿನದ್ದು ಸಿಗುತ್ತದೆ. ಎರಡೂ ಒಂದೇ ಬಿಲ್ಲಿನಲ್ಲಿ ಕಲಸಿಹೋದರೆ ನಿಮ್ಮ ಅಕೌಂಟೆಂಟ್ ತಲೆ ಕೆರೆದುಕೊಳ್ಳುತ್ತಾರೆ.

ಈಗ ಎರಡನೇ ಬಾಟಲಿಯ ಮಾತು. ಟ್ಯಾಕ್ಸ್ ಸೇರಿ 560ರಂತೆ ಹತ್ತು ಬಾಟಲಿ ತಂದಿರಿ ಅಂದುಕೊಳ್ಳಿ. 5,600 ರೂಪಾಯಿ ಹಾಕಿದಿರಿ. ಒಂದನ್ನು ವಾಸನೆ ನೋಡಲಿ ಅಂತ ತೆರೆದಿಟ್ಟಿರಿ. ಇನ್ನೊಂದನ್ನು ಯಾರೋ "ನನಗೆ ಆಗಿಬರಲಿಲ್ಲ" ಅಂತ ವಾಪಸ್ ತಂದರು. ಮಾರಿದ್ದು ಎಂಟು, ಬಂದದ್ದು 6,400. ಪಾರ್ಲರಿನಲ್ಲಿ ಕೆಲಸ ಮಾಡುವ ಹುಡುಗಿಯರಿಗೆ ಬಾಟಲಿಗೆ 30ರಂತೆ 240 ಕಮಿಷನ್ ಕೊಟ್ಟಿರಿ. ಉಳಿದದ್ದು 560. ಕಾಗದದ ಮೇಲಿನ 30 ಪರ್ಸೆಂಟ್ ಕೈಯಲ್ಲಿ 9ಕ್ಕಿಂತ ಕಮ್ಮಿ.

ಅದೇ ಶಾಂಪೂವನ್ನು ಬಳಸಿ ನೋಡಿ ಒಪ್ಪಿದ ಹತ್ತು ಜನ ಮತ್ತೆ ಕೊಂಡರು ಅಂದುಕೊಳ್ಳಿ. ಟೆಸ್ಟರ್ ಬೇಡ, ವಾಪಸ್ ಬರುವುದಿಲ್ಲ. 8,000 ಬಂತು. ಹುಡುಗಿಯರಿಗೆ ಬಾಟಲಿಗೆ 60ರಂತೆ 600 ಕೊಟ್ಟರೂ 1,800 ಉಳಿಯಿತು. ಮೊದಲ ಸುತ್ತಿನ ಮೂರು ಪಟ್ಟು. ಹಾಗಾದರೆ ಮೊದಲ ಬಾಟಲಿಯನ್ನು ಹೇಗಾದರೂ ಮಾಡಿ ತಲೆಗೆ ಕಟ್ಟುವುದರಲ್ಲಿ ಏನು ಬಂತು, ಅಲ್ವಾ?

3. ಸ್ಕೀಮ್ ಬಂದಾಗ ಬಾಟಲಿಯ ತಳ ನೋಡಿ

ಹತ್ತು ಕೊಂಡರೆ ಎರಡು ಫ್ರೀ. ಇದರಲ್ಲಿ ನಾನು ಸರಿಯಾಗಿ ಏಟು ತಿಂದಿದ್ದೇನೆ. ಎಂಆರ್‌ಪಿ 850 ಇದ್ದ ಮಾಸ್ಕ್, ಹನ್ನೆರಡಕ್ಕೆ 6,000 ಕೊಟ್ಟೆ. ಒಂದಕ್ಕೆ 500 ಬಿತ್ತು, 350 ಲಾಭ ಅಂತ ಖುಷಿಯಾಗಿ ಸಾಲಾಗಿ ಜೋಡಿಸಿಟ್ಟೆ. ವಾರ ಕಳೆದ ಮೇಲೆ ಒಬ್ಬ ಗಿರಾಕಿ ಡಬ್ಬಿ ತಿರುಗಿಸಿ ನೋಡಿ ಹೇಳಿದರು, "ಇದರ ಡೇಟ್ ಇನ್ನು ಏಳೇ ತಿಂಗಳಿದೆಯಲ್ಲ?" ಸ್ಕೀಮ್ ಯಾಕೆ ಬಂದಿತ್ತು ಅಂತ ಆಗ ತಿಳಿಯಿತು. ಏಳು ಡಬ್ಬಿ ಮಾರಿದೆ. ಬಂದದ್ದು 5,950. ಹಾಕಿದ ದುಡ್ಡು ಬರಲು ಇನ್ನೂ 50 ರೂಪಾಯಿ ಬಾಕಿ ಇರುವಾಗಲೇ ಉಳಿದ ಐದರ ಡೇಟ್ ಮುಗಿಯಿತು. ವಾಪಸ್ ತೆಗೆದುಕೊಳ್ಳಿ ಅಂದರೆ "ಸ್ಕೀಮ್ ಮಾಲಿಗೆ ವಾಪಸ್ ಇಲ್ಲ ಅಕ್ಕಾ" ಅಂದರು.

ಈಗ ಸಾಮಾನು ಇಳಿಸಿಕೊಳ್ಳುವಾಗಲೇ ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ. ತಯಾರಿಸಿದ ತಿಂಗಳು, ಎಕ್ಸ್‌ಪೈರಿ, ಬ್ಯಾಚ್ ನಂಬರ್, ಎಂಆರ್‌ಪಿ, ತಯಾರಕರ ವಿಳಾಸ, ತಯಾರಿಕಾ ಲೈಸೆನ್ಸ್ ನಂಬರ್ ಇವೆಲ್ಲ ಇರಬೇಕು. ವಿದೇಶಿ ಮಾಲಾದರೆ ಆಮದು ಮಾಡಿದವರ ಹೆಸರು ವಿಳಾಸ, ನೋಂದಣಿ ಸರ್ಟಿಫಿಕೇಟ್ ನಂಬರ್ ಇರಬೇಕು. ಬರೀ ಇಂಗ್ಲಿಷೋ ಕೊರಿಯನ್ನೋ ಇದ್ದು ಭಾರತದ ಎಂಆರ್‌ಪಿಯೇ ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಬೇಡ. ಕ್ರಾಫರ್ಡ್ ಮಾರ್ಕೆಟ್ ಕಡೆ ಹೋಗಿ ಒಂದೇ ಸಲಕ್ಕೆ ಎಲ್ಲ ತರುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಬಾಚಣಿಗೆ, ಕ್ಲಿಪ್, ಟವೆಲ್ ತನ್ನಿ. ತಲೆಗೆ, ಮುಖಕ್ಕೆ ಹಚ್ಚುವುದನ್ನು ಮಾತ್ರ ಕಂಪನಿ ನೇಮಿಸಿದ ಡಿಸ್ಟ್ರಿಬ್ಯೂಟರ್ ಹತ್ತಿರ, ಬ್ಯಾಚ್ ನಂಬರ್ ಬರೆದ ಬಿಲ್ಲಿನ ಸಮೇತ ಕೊಳ್ಳಿ.

ನನ್ನ ನಿಯಮ: ಎಕ್ಸ್‌ಪೈರಿಗೆ 18 ತಿಂಗಳಾದರೂ ಇರಬೇಕು. ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಅಂತ ಇರುತ್ತದಲ್ಲ, ಅದು ಬೇರೆ. ಮುಚ್ಚಳ ತೆರೆದ ಮೇಲೆ 12 ತಿಂಗಳು ಅಂತ ಅದರ ಅರ್ಥ. ಇದನ್ನು ಗಿರಾಕಿಗೂ ಹೇಳಿ. ಮಾಸ್ಕ್ ಡಬ್ಬಿಗೆ ಒದ್ದೆ ಕೈ ಹಾಕಿ ಬಾತ್‌ರೂಮಿನಲ್ಲೇ ಇಟ್ಟರೆ ನಮ್ಮ ಮುಂಬೈ ಮಳೆಗಾಲದಲ್ಲಿ ಅಷ್ಟು ದಿನವೂ ಬಾಳುವುದಿಲ್ಲ.

4. ಸಲಹೆ ಕೊಡುವ ಜಾಗ ಬೇಸಿನ್, ಬಿಲ್ ಕೌಂಟರ್ ಅಲ್ಲ

ಪರ್ಸ್ ತೆರೆದವರ ಮುಂದೆ "ಇದನ್ನೂ ತೆಗೆದುಕೊಳ್ಳಿ" ಅಂದರೆ ಯಾರಿಗೂ ಇಷ್ಟವಾಗುವುದಿಲ್ಲ. ಕೂದಲು ನಮ್ಮ ಕೈಯಲ್ಲಿರುವಾಗಲೇ ಮಾತಾಡಬೇಕು. ಅದೂ ಹೇಳುವುದಕ್ಕಿಂತ ಮೊದಲು ಕೇಳಬೇಕು. ನಾನು ಕೇಳುವುದು ನಾಲ್ಕು ವಿಷಯ. ವಾರಕ್ಕೆ ಎಷ್ಟು ಸಲ ತಲೆ ತೊಳೆಯುತ್ತೀರಿ? ಯಾವ ನೀರು, ಬಿಸಿಯೋ ತಣ್ಣಗೋ? ಈಗ ಹಾಕುತ್ತಿರುವ ಶಾಂಪೂ ಯಾವುದು? ಎಣ್ಣೆ ಹಚ್ಚುತ್ತೀರಾ?

ಒಂದು ನಡೆದ ಉದಾಹರಣೆ ಹೇಳುತ್ತೇನೆ. ನಲವತ್ತರ ಆಸುಪಾಸಿನ ಒಬ್ಬರು, ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ಆರು ವಾರಕ್ಕೊಮ್ಮೆ ಬಣ್ಣ ಹಚ್ಚಿಸಲು ಬರುತ್ತಾರೆ. ಬಂದವರೇ ಹೇಳಿದರು:

"ಅಕ್ಕಾ, ಹಚ್ಚಿದ ಬಣ್ಣ ಎರಡೇ ವಾರಕ್ಕೆ ಹೋಗ್ತಿದೆ. ಕೂದಲು ತೆಂಗಿನ ನಾರಿನ ಹಾಗಾಗಿದೆ. ಉದುರ್ತಾನೂ ಇದೆ. ಒಳ್ಳೆ ಸೀರಮ್ ಇದ್ರೆ ಕೊಡಿ."

ಸೀರಮ್ ಶೆಲ್ಫಿನಲ್ಲೇ ಇತ್ತು. ತೆಗೆದು ಕೊಟ್ಟಿದ್ದರೆ ಎರಡು ನಿಮಿಷದ ಕೆಲಸ. ಕೇಳುತ್ತಾ ಹೋದೆ. ಲೋಕಲ್‌ನಲ್ಲಿ ನಿಂತು ಹೋಗಿ ಬಂದು ಬೆವರುತ್ತದೆ ಅಂತ ದಿನವೂ ತಲೆ ತೊಳೆಯುತ್ತಾರೆ. ದಿನವೂ ಡ್ಯಾಂಡ್ರಫ್ ಶಾಂಪೂ, ಗೀಸರಿನ ಬಿಸಿ ನೀರು. ಹೊಟ್ಟು ಇದೆಯಾ ಅಂದರೆ "ಈಗಿಲ್ಲ, ಹಿಂದೆ ಇತ್ತು, ಅದೇ ಅಭ್ಯಾಸ ಆಗಿದೆ." ಸೊಸೈಟಿಗೆ ಎರಡು ತಿಂಗಳಿಂದ ಟ್ಯಾಂಕರ್ ನೀರು. ಭಾನುವಾರ ಎಣ್ಣೆ, ಅದನ್ನು ತೆಗೆಯಲು ಎರಡೆರಡು ಸಲ ಶಾಂಪೂ. ಉದುರುವುದು ಯಾವಾಗ ಶುರುವಾಯಿತು ಅಂದೆ. ಸ್ವಲ್ಪ ಯೋಚಿಸಿ, ಜೋರಾದ ಜ್ವರ ಬಂದು ಮಲಗಿ ಎದ್ದು ಎರಡೂವರೆ ತಿಂಗಳಾದ ಮೇಲೆ ಅಂದರು.

ಇದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಬಣ್ಣ ಬೇಗ ಹೋಗುವುದು ದಿನವೂ ಹಾಕುವ ಡ್ಯಾಂಡ್ರಫ್ ಶಾಂಪೂ ಮತ್ತು ಬಿಸಿ ನೀರಿನಿಂದ. ಒರಟಾಗಿರುವುದಕ್ಕೆ ಅದರ ಜೊತೆ ಗಡಸು ನೀರೂ ಕಾರಣ. ನಲ್ಲಿಯ ಬಾಯಲ್ಲಿ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯಾ, ಸೋಪು ನೊರೆ ಬರುವುದಿಲ್ಲವಾ ಅಂತ ಕೇಳಿದರೆ ಗೊತ್ತಾಗುತ್ತದೆ. ಉದುರುವುದು ಇವೆರಡಕ್ಕೂ ಸಂಬಂಧ ಇಲ್ಲದ್ದು. ಜೋರು ಜ್ವರ, ಹೆರಿಗೆ, ಆಪರೇಷನ್ ಆದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದಿದೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತದೆ. ಅದಕ್ಕೆ ನನ್ನ ಶೆಲ್ಫಿನಲ್ಲಿ ಮದ್ದಿಲ್ಲ.

ಅವರಿಗೆ ಹೇಳಿದ್ದರಲ್ಲಿ ಹೆಚ್ಚಿನದ್ದು ದುಡ್ಡಿಲ್ಲದ ಸಲಹೆ. ಡ್ಯಾಂಡ್ರಫ್ ಶಾಂಪೂ ಸದ್ಯಕ್ಕೆ ನಿಲ್ಲಿಸಿ, ಹೊಟ್ಟು ಮತ್ತೆ ಕಂಡರೆ ಆಗ ನೋಡೋಣ. ಶಾಂಪೂ ಒಂದು ದಿನ ಬಿಟ್ಟು ಒಂದು ದಿನ ಸಾಕು, ನಡುವಿನ ದಿನ ಬೆವರು ಹೋಗಲು ಬರೀ ನೀರು. ಉಗುರುಬೆಚ್ಚಗಿದ್ದರೆ ಸಾಕು. ಕೊನೆಯ ಎರಡು ಚೊಂಬು ಮನೆಯ ಆರ್‌ಒ ಫಿಲ್ಟರ್ ನೀರು ಸುರಿಯಿರಿ. ಎಣ್ಣೆ ಹಚ್ಚುವುದಾದರೆ ಎರಡೇ ಚಮಚ, ಆಗ ಒಂದೇ ಶಾಂಪೂಗೆ ಹೋಗುತ್ತದೆ. ಕೊಳ್ಳುವುದು ಒಂದೇ, ಬಣ್ಣದ ಕೂದಲಿನ ಶಾಂಪೂ. ಸೀರಮ್ ಈಗ ಬೇಡ. ಅದು ಮೇಲಿಂದ ನುಣುಪು ಮಾಡುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಒಂದು ಸಲಕ್ಕೆ ಒಂದೇ ಸಾಮಾನು ಅನ್ನುವುದನ್ನು ನಾನು ಬಿಡುವುದಿಲ್ಲ. ಮೂರು ಒಟ್ಟಿಗೆ ಕೊಟ್ಟರೆ ಯಾವುದರಿಂದ ಗುಣ ಆಯಿತು, ಯಾವುದರಿಂದ ತುರಿಕೆ ಬಂತು ಅಂತ ಅವರಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

5. ಬಳಸುವುದನ್ನು ಕೈಯಲ್ಲಿ ತೋರಿಸಿ ಕಳಿಸಿ

ವಾಪಸ್ ಬಂದ ಬಾಟಲಿಗಳಲ್ಲಿ ಹೆಚ್ಚಿನವಕ್ಕೆ ಒಂದೇ ದೂರು: ನೊರೆ ಬರುವುದಿಲ್ಲ. ಸಲ್ಫೇಟ್ ಇಲ್ಲದ ಶಾಂಪೂ ನೊರೆ ಕಮ್ಮಿಯೇ. ಹೇಳದೆ ಕಳಿಸಿದರೆ ಗಿರಾಕಿ ಇನ್ನೊಂದು ಸುರಿ, ಮತ್ತೊಂದು ಸುರಿ ಅಂತ ಹಾಕಿಕೊಳ್ಳುತ್ತಾರೆ. ಎರಡು ತಿಂಗಳು ಬರಬೇಕಾದ ಬಾಟಲಿ ಮೂರು ವಾರಕ್ಕೆ ಖಾಲಿ. "ದುಬಾರಿ, ಮೇಲಿಂದ ಕ್ಲೀನೂ ಆಗಲ್ಲ" ಅನ್ನುತ್ತಾರೆ. ತಪ್ಪು ಅವರದ್ದಲ್ಲ.

ಬೇಸಿನ್‌ನಲ್ಲೇ ತೋರಿಸಿ. ಮೊದಲು ಬುಡದವರೆಗೆ ಕೂದಲು ಪೂರ್ತಿ ಒದ್ದೆಯಾಗಬೇಕು, ಇದಕ್ಕೆ ಒಂದು ನಿಮಿಷ ಬೇಕು. ಅಂಗೈಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಶಾಂಪೂ, ನೀರು ಬೆರೆಸಿ ಎರಡೂ ಕೈಗೆ ಸವರಿಕೊಂಡು ನೆತ್ತಿಗೆ. ನೊರೆ ಬರಲಿಲ್ಲ ಅಂದರೆ ಹಾಕಬೇಕಾದದ್ದು ಇನ್ನಷ್ಟು ನೀರು, ಇನ್ನಷ್ಟು ಶಾಂಪೂ ಅಲ್ಲ. ಕಂಡಿಷನರ್ ಕಿವಿಯಿಂದ ಕೆಳಗೆ ಮಾತ್ರ.

ಹೆಗಲವರೆಗಿನ ಕೂದಲಿಗೆ ಒಂದು ಸಲಕ್ಕೆ ಸುಮಾರು 10 ಎಂಎಲ್ ಹಿಡಿಯಿರಿ. 250 ಎಂಎಲ್ ಬಾಟಲಿ 25 ಸಲಕ್ಕೆ ಬರುತ್ತದೆ. ವಾರಕ್ಕೆ ಮೂರು ಸಲ ಅಂದರೆ ಎಂಟು ವಾರ. ಒಂದು ತೊಳೆತಕ್ಕೆ 32 ರೂಪಾಯಿ. ನಾನು ಈ ಲೆಕ್ಕವನ್ನು ಮುಚ್ಚಿಡುವುದಿಲ್ಲ. "800" ಅಂದಾಗ ಮುಖ ಗಂಟಿಕ್ಕುವವರಿಗೆ 32 ಅಂದಾಗ ಯೋಚಿಸಲು ಏನೋ ಒಂದು ಸಿಗುತ್ತದೆ. 32 ಜಾಸ್ತಿ ಅನ್ನಿಸಿದರೆ ಅದೂ ಸರಿಯೇ. ಬಣ್ಣ ಹಚ್ಚದ, ಸ್ಮೂದನಿಂಗ್ ಮಾಡಿಸದ ಮಾಮೂಲಿ ಕೂದಲಿಗೆ ಕೆಳಗಿನ ಕಿರಾಣಿ ಅಂಗಡಿಯ ಶಾಂಪೂ ಸಾಕು ಅಂತ ನಾನೇ ಹೇಳಿ ಕಳಿಸಿದ್ದೇನೆ. ಅವರೇ ಮುಂದೆ ಮಗಳ ಮದುವೆಗೆ ಇಡೀ ಮನೆಯವರನ್ನು ಕರೆದುಕೊಂಡು ಬಂದದ್ದೂ ಇದೆ.

6. "ಆನ್‌ಲೈನಲ್ಲಿ ಕಮ್ಮಿಗೆ ಸಿಗುತ್ತಲ್ಲ?"

ಆ ಬ್ಯಾಂಕಿನವರೂ ಕೇಳಿದರು. ಫೋನ್ ತೆಗೆದು ತೋರಿಸಿದರು, ಅದೇ ಬಾಟಲಿ 690. ಇಲ್ಲಿ ಎರಡು ತಪ್ಪು ದಾರಿಗಳಿವೆ. "ಅದೆಲ್ಲ ಡುಪ್ಲಿಕೇಟ್" ಅನ್ನುವುದು ಒಂದು. ಎಲ್ಲವೂ ನಕಲಿ ಅಲ್ಲ, ಅದು ಅವರಿಗೂ ಗೊತ್ತು. ಆ ಒಂದು ಸುಳ್ಳಿನಿಂದ ಹಿಂದೆ ಹೇಳಿದ ನಿಜವೂ ಹೋಗುತ್ತದೆ. ಕೂಡಲೇ 690ಕ್ಕೆ ಇಳಿಸುವುದು ಇನ್ನೊಂದು. 110 ಇಳಿಸಿದರೆ 240ರಲ್ಲಿ 130 ಉಳಿಯುತ್ತದೆ, ಹುಡುಗಿಯರ 30 ಕಳೆದರೆ 100. ಇವತ್ತು ಇವರಿಗೆ ಇಳಿಸಿದ್ದು ನಾಳೆ ಇಡೀ ಬಿಲ್ಡಿಂಗಿಗೆ ಗೊತ್ತಾಗಿರುತ್ತದೆ.

ನಾನು ಹೇಳಿದ್ದು: "ಅಲ್ಲಿ ಕಮ್ಮಿ ಇರೋದು ನಿಜ. ತಗೊಳ್ಳೋದಾದ್ರೆ ಮಾರುವವರು ಯಾರು ಅಂತ ನೋಡಿ, ಬಂದ ಮೇಲೆ ಡೇಟ್ ನೋಡಿ. ಇಲ್ಲಿ ತಗೊಂಡ್ರೆ ಮೂರು ವಾರದೊಳಗೆ ಆಗಿಬರದಿದ್ರೆ ಅರ್ಧ ಬಳಸಿದ ಬಾಟ್ಲಿ ಆದ್ರೂ ತನ್ನಿ, ದುಡ್ಡು ವಾಪಸ್ ಕೊಡ್ತೀನಿ."

ಈ ವಾಪಸ್ ಮಾತು ಬರೀ ಬಾಯಿಮಾತಾಗಬಾರದು. ಮೇಲಿನ ಲೆಕ್ಕದಲ್ಲಿ ಹತ್ತಕ್ಕೊಂದು ವಾಪಸ್ ಅಂತ ಮೊದಲೇ ಸೇರಿಸಿದ್ದು ಅದಕ್ಕೇ. ಹತ್ತರಲ್ಲಿ ಎರಡು ವಾಪಸ್ ಬಂದರೆ ಆ ಸಾಮಾನು ಸರಿಯಿಲ್ಲ, ಇಲ್ಲಾ ನಮ್ಮ ಸಲಹೆ ಸರಿಯಿಲ್ಲ. ಎರಡೂ ತಿಳಿಯಬೇಕಾದ ವಿಷಯಗಳೇ. ವಾಪಸ್ ಬಂದ ಬಾಟಲಿಯನ್ನು ಮತ್ತೆ ಮಾರುವುದಿಲ್ಲ, ಬೇಸಿನ್‌ನಲ್ಲೂ ಬಳಸುವುದಿಲ್ಲ, ಎಸೆಯುತ್ತೇನೆ.

7. ಮಾರಬಾರದ ಕಡೆ

ನಾಣ್ಯದಾಕಾರದಲ್ಲಿ ಕೂದಲು ಪೂರ್ತಿ ಹೋಗಿರುವುದು, ನೆತ್ತಿಯಲ್ಲಿ ಕೀವು, ಉರಿ, ದಪ್ಪ ಪೊರೆ, ಬೈತಲೆ ತಿಂಗಳು ತಿಂಗಳಿಗೆ ಅಗಲವಾಗುತ್ತಿರುವುದು. ಇವನ್ನು ಕಂಡರೆ ಚರ್ಮದ ಡಾಕ್ಟರ ಹತ್ತಿರ ಕಳಿಸಿ. ಗಿರಾಕಿಗೆ ಹಿಂದಿನ ನೆತ್ತಿ ಕಾಣುವುದಿಲ್ಲ, ಮೊದಲು ನೋಡುವವರು ನಾವೇ. ಮೆಲ್ಲಗೆ, ಪಕ್ಕದ ಕುರ್ಚಿಯವರಿಗೆ ಕೇಳದ ಹಾಗೆ ಹೇಳಿ.

ಮಿನಾಕ್ಸಿಡಿಲ್, ಕೀಟೊಕೊನಜೋಲ್ ಇರುವ ಬಾಟಲಿಗಳು ಔಷಧಿ. ಶಾಂಪೂ ಅಂತ ಬರೆದಿದ್ದರೂ ಔಷಧಿಯೇ. ಸೌಂದರ್ಯದ ಸಾಮಾನು ಮಾರಲು ನಮಗೆ ಡ್ರಗ್ ಲೈಸೆನ್ಸ್ ಬೇಡ, ಆದರೆ ಇವನ್ನು ಮಾರಲು ಬೇಕು. ಶೆಲ್ಫಿನಲ್ಲಿ ಇಡಬೇಡಿ. "ಕೂದಲು ಬೆಳೆಸುವ" ಹೆಸರಿಲ್ಲದ ಎಣ್ಣೆ ತಂದುಕೊಡುವವರು ಬರುತ್ತಾರೆ, ಮಾರ್ಜಿನ್ ಅರ್ಧಕ್ಕರ್ಧ ಅನ್ನುತ್ತಾರೆ. ಬಾಗಿಲಿಂದಲೇ ಕಳಿಸಿ.

8. ಹುಡುಗಿಯರ ಕಮಿಷನ್

ಮೊದಲು ಬೆಲೆಯ ಮೇಲೆ 10 ಪರ್ಸೆಂಟ್ ಕೊಡುತ್ತಿದ್ದೆ. ಏನಾಯಿತೆಂದರೆ, ತಿಂಗಳ ಕೊನೆಯ ವಾರದಲ್ಲಿ ಎಲ್ಲರ ಕೂದಲೂ ಒಮ್ಮೆಲೇ "ತುಂಬಾ ಡ್ಯಾಮೇಜ್" ಆಗತೊಡಗಿತು. ಜಾಸ್ತಿ ಬೆಲೆಯ ಮಾಸ್ಕೇ ಎಲ್ಲರಿಗೂ ಪರಿಹಾರ. ಹುಡುಗಿಯರನ್ನು ಬೈದು ಏನು ಪ್ರಯೋಜನ? ನಾನು ಯಾವುದಕ್ಕೆ ದುಡ್ಡು ಕೊಟ್ಟೆನೋ ಅದನ್ನೇ ಅವರು ಮಾಡಿದರು.

ಈಗ ಬೆಲೆ ಎಷ್ಟೇ ಇರಲಿ, ಮೊದಲ ಬಾಟಲಿಗೆ 30. ಅದೇ ಗಿರಾಕಿ ಅದೇ ಸಾಮಾನನ್ನು ಮತ್ತೆ ಕೊಂಡರೆ 60. ಮೂರು ವಾರದ ವಾಪಸ್ ಗಡುವು ಮುಗಿದ ಮೇಲೆ, ಮುಂದಿನ ತಿಂಗಳ ಸಂಬಳದ ಜೊತೆ ಕೊಡುತ್ತೇನೆ. ಶುರುವಿನಲ್ಲಿ ಗೊಣಗಿದರು. ಈಗ ಗಿರಾಕಿ ಬಂದಕೂಡಲೇ "ಹೋದ ಸಲದ ಶಾಂಪೂ ಹೇಗಾಯ್ತು?" ಅಂತ ಅವರೇ ಕೇಳುತ್ತಾರೆ. ಅದು ನಾನು ಹೇಳಿಕೊಟ್ಟ ಮಾತಲ್ಲ.

9. ಪುಸ್ತಕ

ಇನ್ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಮಾರಾಟಕ್ಕೆ ಒಂದು ಸಾಲು: ತಾರೀಕು, ಗಿರಾಕಿ, ಯಾವ ಸಾಮಾನು, ಬ್ಯಾಚ್ ನಂಬರ್, ಯಾಕೆ ಕೊಟ್ಟೆವು, ಯಾವಾಗ ಮುಗಿಯಬಹುದು. ಈ "ಯಾಕೆ" ಅನ್ನುವುದನ್ನು ಬಿಡಬೇಡಿ. "ದಿನಾ ತೊಳೆಯುತ್ತಾರೆ, ಟ್ಯಾಂಕರ್ ನೀರು, ಬಣ್ಣ ಹೋಗುತ್ತಿದೆ" ಅಷ್ಟು ಬರೆದರೆ ಮುಂದಿನ ಸಲ ಅವರು ಬೇರೆ ಹುಡುಗಿಯ ಕುರ್ಚಿಯಲ್ಲಿ ಕೂತರೂ ಮಾತು ಅಲ್ಲಿಂದಲೇ ಮುಂದುವರಿಯುತ್ತದೆ.

ಮುಗಿಯುವ ಹೊತ್ತಿಗೆ ಮೆಸೇಜ್ ಕಳಿಸುವವರಿದ್ದಾರೆ. ನಾನು ಕಳಿಸುವುದಿಲ್ಲ. ಆರು ವಾರಕ್ಕೆ ಹೇಗೂ ಬಣ್ಣಕ್ಕೆ ಬರುತ್ತಾರೆ, ಬಾಟಲಿಯಲ್ಲಿ ಕಾಲು ಭಾಗ ಉಳಿದಿರುತ್ತದೆ, ಆಗ ಕೇಳಿದರೆ ಸಾಕು. ಬ್ಯಾಂಕಿನವರು ಆರನೇ ವಾರ ಬಂದರು. ಬಣ್ಣ ಈ ಸಲ ಒಂದು ತಿಂಗಳು ನಿಂತಿತ್ತು. ಉದುರುವುದು ಇನ್ನೂ ಇತ್ತು, ಮೊದಲಿನಷ್ಟಿಲ್ಲ. "ಇನ್ನೊಂದು ಬಾಟ್ಲಿ ಎತ್ತಿಡಿ ಅಕ್ಕಾ, ಮುಂದಿನ ಸಲ ಒಯ್ತೀನಿ" ಅಂದರು. ಆನ್‌ಲೈನ್ ಮಾತು ಎತ್ತಲಿಲ್ಲ. ಮಾಸ್ಕ್ ಬೇಕಾ ಅಂತ ಅವರೇ ಕೇಳಿದರು. ಕೂದಲ ತುದಿ ನೋಡಿದೆ, ಒಂದಿಂಚು ಕತ್ತರಿಸಿದರೆ ಸರಿಹೋಗುವಂತಿತ್ತು. ಕತ್ತರಿಸಿದೆ.

ಪ್ರತಿ ತಿಂಗಳ ಒಂದನೇ ತಾರೀಕು ಬಾಟಲಿ ಎಣಿಸಿ. ಹಳೆಯ ಡೇಟಿನದ್ದು ಮುಂದೆ, ಹೊಸದು ಹಿಂದೆ. ಎಕ್ಸ್‌ಪೈರಿಗೆ ಆರು ತಿಂಗಳಿರುವುದನ್ನು ಶೆಲ್ಫಿನಿಂದ ತೆಗೆದು ಬೇಸಿನ್ನಿಗೆ ಕೊಡಿ. ಆಮೇಲೆ ಪುಸ್ತಕದಲ್ಲಿ ಒಂದೊಂದು ಸಾಮಾನಿನ ಎರಡನೇ ಬಾಟಲಿ ಎಷ್ಟು ಹೋಗಿದೆ ನೋಡಿ. ನಾಲ್ಕು ತಿಂಗಳಲ್ಲಿ ಒಂದೂ ಎರಡನೇ ಬಾಟಲಿ ಹೋಗದ ಸಾಮಾನನ್ನು, ಮೊದಲ ಬಾಟಲಿ ಎಷ್ಟೇ ಹೋಗಿರಲಿ, ಮತ್ತೆ ತರಿಸಬೇಡಿ. ನನ್ನಲ್ಲಿ ಹಾಗೆ ಸೀರಮ್ ಹೋಯಿತು. ಮಳೆಗಾಲದ ಮೊದಲ ವಾರ ಎಲ್ಲರೂ ಕೊಂಡರು, ಮತ್ತೆ ಯಾರೂ ಕೇಳಲಿಲ್ಲ. ಸೆಕೆಗೆ ಅಂಟಂಟು ಅಂದರು. ಸದ್ಯಕ್ಕೆ ನನ್ನ ಶೆಲ್ಫಿನಲ್ಲಿರುವುದು ನಾಲ್ಕೇ ಬಗೆ.